ಸಿಫಿಲಿಸ್‌ನ ಪ್ರಾಥಮಿಕ ಹುಣ್ಣು

ಸಿಫಿಲಿಸ್‌ನ ಪ್ರಾಥಮಿಕ ಹುಣ್ಣು ಎಂಬುದು ಟ್ರೆಪೊನೀಮಾ ಪ್ಯಾಲಿಡಮ್ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ದೇಹವನ್ನು ಹೊಕ್ಕ ಜಾಗದಲ್ಲಿ ಮೂಡುವ, ಸಾಮಾನ್ಯವಾಗಿ ಒಂದೇ ಒಂದಾಗಿರುವ, ನೋವಿಲ್ಲದ ಹುಣ್ಣು. ವೈದ್ಯರು ಇದನ್ನು ಶ್ಯಾಂಕರ್ ಎಂದು ಕರೆಯುತ್ತಾರೆ. ಚಿಕಿತ್ಸೆ ಇಲ್ಲದೆಯೂ ಇದು 3ರಿಂದ 6 ವಾರಗಳಲ್ಲಿ ಮಾಯುತ್ತದೆ. ಆದರೆ ಮಾಯುವುದು ಹುಣ್ಣು ಮಾತ್ರ, ಸೋಂಕಲ್ಲ. ಆದ್ದರಿಂದ ಹುಣ್ಣು ಮಾಯ್ದ ಮೇಲೂ ರಕ್ತಪರೀಕ್ಷೆ ಮತ್ತು ಚಿಕಿತ್ಸೆ ಅಗತ್ಯ.

ಲಕ್ಷಣಗಳು

ಸೋಂಕಿತರೊಡನೆ ಲೈಂಗಿಕ ಸಂಪರ್ಕವಾದ 9ರಿಂದ 90 ದಿನಗಳೊಳಗೆ, ಸರಾಸರಿ 21ನೆಯ ದಿನದ ಸುಮಾರಿಗೆ, ಮೊದಲು ಒಂದು ಸಣ್ಣ ಗುಳ್ಳೆ ಕಾಣಿಸಿಕೊಂಡು ಬಳಿಕ ಹುಣ್ಣಾಗುತ್ತದೆ. ಅದರ ಅಂಚು ಒತ್ತಿದರೆ ಗಟ್ಟಿಯಾಗಿರುತ್ತದೆ, ತಳ ಕೀವಿಲ್ಲದೆ ಶುಚಿಯಾಗಿರುತ್ತದೆ. ತೊಡೆಸಂದಿಯ ಗ್ರಂಥಿಗಳು ನೋವಿಲ್ಲದೆ ಊದಿಕೊಳ್ಳಬಹುದು. ಗಂಡಸರಲ್ಲಿ ಇದು ಶಿಶ್ನದ ಮೇಲೆ ಎದ್ದು ಕಾಣುತ್ತದೆ. ಹೆಂಗಸರಲ್ಲಿ ಗರ್ಭಕಂಠದಲ್ಲಿ ಅಥವಾ ಯೋನಿಯ ಒಳಗೋಡೆಯಲ್ಲಿದ್ದರೆ ಗಮನಕ್ಕೇ ಬಾರದೆ ಹೋಗಬಹುದು. ಬಾಯಿ ಮತ್ತು ಗುದದ್ವಾರದಲ್ಲಿಯೂ ಹುಣ್ಣು ಮೂಡುವುದುಂಟು.

ಜನನಾಂಗದ ಹರ್ಪಿಸ್‌ನಲ್ಲಿ ಸಾಮಾನ್ಯವಾಗಿ ಹಲವು ಚಿಕ್ಕ, ನೋಯುವ ಹುಣ್ಣುಗಳಿರುತ್ತವೆ. ಆದರೂ ಕೆಲವೊಮ್ಮೆ ಸಿಫಿಲಿಸ್‌ನ ಹುಣ್ಣೂ ನೋಯಬಹುದು, ಒಂದಕ್ಕಿಂತ ಹೆಚ್ಚಿರಬಹುದು. ಹೀಗಾಗಿ ಕಣ್ಣಿನಿಂದ ನೋಡಿಯಷ್ಟೇ ಕಾಯಿಲೆಯನ್ನು ಖಚಿತಪಡಿಸಲಾಗುವುದಿಲ್ಲ.

ಹುಣ್ಣು ತಾನಾಗಿ ಮಾಯುವುದೇಕೆ

ಹುಣ್ಣಿನ ಜಾಗಕ್ಕೆ ದೇಹದ ರಕ್ಷಣಾ ಜೀವಕೋಶಗಳು ಧಾವಿಸಿ ಬಂದು ಅಲ್ಲಿರುವ ಬಹುಪಾಲು ಬ್ಯಾಕ್ಟೀರಿಯಾಗಳನ್ನು ನುಂಗಿ ನಾಶಮಾಡುತ್ತವೆ. ಆಗ ಚರ್ಮ ಕೂಡಿಕೊಳ್ಳುತ್ತದೆ. ಆದರೆ ಹುಣ್ಣು ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ದಿನ ಮೊದಲೇ ಬ್ಯಾಕ್ಟೀರಿಯಾಗಳು ದುಗ್ಧರಸ ಹಾಗೂ ರಕ್ತದ ಮೂಲಕ ದೇಹದ ಇತರ ಭಾಗಗಳಿಗೆ ತಲಪಿರುತ್ತವೆ. ಇವುಗಳ ಹೊರಪೊರೆಯಲ್ಲಿ ಪ್ರೋಟೀನುಗಳು ಬಹಳ ಕಡಿಮೆ. ಇರುವ ಕೆಲವೂ ರೂಪ ಬದಲಿಸುತ್ತಿರುತ್ತವೆ. ಆದ್ದರಿಂದ ಚದುರಿಹೋದವನ್ನು ದೇಹ ಪೂರ್ಣವಾಗಿ ಗುರುತಿಸಿ ಕೊಲ್ಲಲಾರದು.

ಹೀಗೆ ಉಳಿದ ಸೋಂಕು ಕೆಲವು ವಾರಗಳಲ್ಲಿ ಎರಡನೆಯ ಹಂತವಾಗಿ ತಲೆದೋರುತ್ತದೆ. ಮೈಮೇಲೆ, ಅದರಲ್ಲಿಯೂ ಅಂಗೈ ಅಂಗಾಲುಗಳಲ್ಲಿ, ತುರಿಕೆಯಿಲ್ಲದ ಗಂದೆಗಳು, ಜ್ವರ, ಅಲ್ಲಲ್ಲಿ ಕೂದಲುದುರುವಿಕೆ ಇದರ ಗುರುತುಗಳು. ಅವೂ ತಾವಾಗಿ ಅಡಗುತ್ತವೆ. ಆಮೇಲಿನದು ಲಕ್ಷಣಗಳೇ ಇಲ್ಲದ ಸುಪ್ತ ಹಂತ. ಅದು ವರ್ಷಗಟ್ಟಲೆ ನಡೆಯಬಹುದು. ಮಿದುಳು, ಕಣ್ಣು ಮತ್ತು ಕಿವಿಗಳಿಗೆ ಸೋಂಕು ಯಾವ ಹಂತದಲ್ಲಾದರೂ ತಗಲಬಹುದು. ಗರ್ಭಿಣಿಯಲ್ಲಿ ಸೋಂಕು ಉಳಿದಿದ್ದರೆ ಗರ್ಭಪಾತ, ಮೃತಶಿಶು ಜನನ ಅಥವಾ ಜನ್ಮಜಾತ ಸಿಫಿಲಿಸ್ ಉಂಟಾಗುವ ಅಪಾಯವಿದೆ.

ಐತಿಹಾಸಿಕ ಹಿನ್ನೆಲೆ

ಭಾರತದಲ್ಲಿ ಈ ರೋಗವನ್ನು ಫಿರಂಗ ರೋಗ ಎಂಬ ಹೆಸರಿನಿಂದ ವಿವರಿಸಿದವನು 16ನೆಯ ಶತಮಾನದ ಭಾವಮಿಶ್ರ. ಆತನ 'ಭಾವಪ್ರಕಾಶ'ದಲ್ಲಿ ಪಾದರಸದ ಜೊತೆಗೆ ಚೋಪಚೀನಿಯನ್ನೂ ಔಷಧವಾಗಿ ಹೇಳಿದೆ. ಇದೇ ಬೇರು ಕನ್ನಡದಲ್ಲಿ ಪರಂಗಿ ಚಕ್ಕೆ ಎನಿಸಿಕೊಂಡಿದೆ. ಯಾವ ಔಷಧ ಕೊಟ್ಟರೂ, ಏನೂ ಕೊಡದಿದ್ದರೂ, ಹುಣ್ಣು ಕೆಲವೇ ವಾರಗಳಲ್ಲಿ ಮಾಯುತ್ತಿದ್ದುದರಿಂದ ಆಗ ಕೊಟ್ಟ ಮದ್ದೇ ಗುಣಪಡಿಸಿತೆಂಬ ನಂಬಿಕೆ ಬೆಳೆಯುವುದು ಸುಲಭವಾಗಿತ್ತು. ಇಂದಿಗೂ ಹುಣ್ಣಿಗೆ ಮುಲಾಮು ಹಚ್ಚಿಕೊಂಡವರು ಅದರಿಂದಲೇ ವಾಸಿಯಾಯಿತೆಂದು ಭಾವಿಸುವುದಕ್ಕೆ ಕಾರಣ ಇದೇ.

ಚಿಕಿತ್ಸೆಯಿಲ್ಲದೆ ಬಿಟ್ಟರೆ ಏನಾಗುತ್ತದೆಂಬುದನ್ನು ನಾರ್ವೆಯ ಓಸ್ಲೋ ನಗರದ ದಾಖಲೆಗಳು ತಿಳಿಸುತ್ತವೆ. 1891ರಿಂದ 1910ರವರೆಗೆ ಸೀಸರ್ ಬೋಕ್ ಎಂಬ ವೈದ್ಯ, ಪಾದರಸದಿಂದ ಕೇಡೇ ಹೆಚ್ಚೆಂದು ತಿಳಿದು, ಸುಮಾರು 2,000 ರೋಗಿಗಳಿಗೆ ಅದನ್ನು ಕೊಡಲಿಲ್ಲ. ಅವರ ಮುಂದಿನ ಬದುಕನ್ನು ಪರಿಶೀಲಿಸಿದ ಗೆಸ್ಟ್‌ಲ್ಯಾಂಡ್ 1955ರಲ್ಲಿ ಫಲಿತಾಂಶ ಪ್ರಕಟಿಸಿದ. ಸುಮಾರು ಮೂರನೆಯ ಒಂದು ಭಾಗದಷ್ಟು ಜನರಲ್ಲಿ ಚರ್ಮ, ಮೂಳೆ, ಹೃದಯ, ಮಹಾಪಧಮನಿ ಅಥವಾ ನರಮಂಡಲದ ತೊಂದರೆಗಳು ತಡವಾಗಿ ಕಾಣಿಸಿಕೊಂಡಿದ್ದವು. ಆ ಭಾಗದಲ್ಲಿ ಯಾರು ಸೇರುತ್ತಾರೆಂದು ಹುಣ್ಣನ್ನು ನೋಡಿ ಹೇಳುವ ಉಪಾಯವಿಲ್ಲ.

ಪರೀಕ್ಷೆ ಮತ್ತು ಅದರ ಮಿತಿ

ರಕ್ತಪರೀಕ್ಷೆಗಳು ಎರಡು ಬಗೆಯವು. ವಿಡಿಆರ್‌ಎಲ್ ಮತ್ತು ಆರ್‌ಪಿಆರ್ ಪರೀಕ್ಷೆಗಳು ಸೋಂಕಿನಿಂದ ಹಾನಿಗೊಂಡ ಜೀವಕೋಶಗಳ ಕೊಬ್ಬಿನಂಶಕ್ಕೆ ಎದುರಾಗಿ ಹುಟ್ಟಿದ ಪ್ರತಿಕಾಯಗಳನ್ನು ಅಳೆಯುತ್ತವೆ. ರಕ್ತದ್ರವವನ್ನು ಮತ್ತೆ ಮತ್ತೆ ಇಮ್ಮಡಿ ತೆಳುಗೊಳಿಸಿ ಪರೀಕ್ಷಿಸುವುದರಿಂದ ಫಲಿತಾಂಶ 1:8, 1:16, 1:32 ಎಂಬಂತೆ ಅಂಕಿಯಲ್ಲಿ ಬರುತ್ತದೆ. ಟಿಪಿಎಚ್‌ಎ ಮುಂತಾದವು ಟ್ರೆಪೊನೀಮಾಕ್ಕೆಂದೇ ಹುಟ್ಟಿದ ಪ್ರತಿಕಾಯಗಳನ್ನು ಪತ್ತೆಮಾಡುತ್ತವೆ. ಇವು ಚಿಕಿತ್ಸೆಯ ಬಳಿಕವೂ ಬಹುತೇಕ ಜೀವನಪೂರ್ತಿ ಪಾಸಿಟಿವ್ ಆಗಿ ಉಳಿಯುವುದರಿಂದ ವಾಸಿಯಾಯಿತೇ ಎಂದು ತಿಳಿಯಲು ಉಪಯೋಗವಿಲ್ಲ.

ಪ್ರತಿಕಾಯಗಳು ಹುಟ್ಟಲು ಸಮಯ ಬೇಕು. ಹುಣ್ಣು ಮೂಡಿದ ಮೊದಲ ಒಂದೆರಡು ವಾರಗಳಲ್ಲಿ ಪರೀಕ್ಷೆ ನೆಗೆಟಿವ್ ಬರಬಹುದು. ಅದು ಸೋಂಕಿಲ್ಲವೆಂಬುದಕ್ಕೆ ಪ್ರಮಾಣವಲ್ಲ. 2ರಿಂದ 4 ವಾರಗಳ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಚಿತ್ರದುರ್ಗ ತಾಲ್ಲೂಕಿನ ತುರುವನೂರಿನ ವ್ಯಕ್ತಿಯೊಬ್ಬನಿಗೆ ಸಂಪರ್ಕವಾದ 21ನೆಯ ದಿನ ಹುಣ್ಣು ಮೂಡಿತೆನ್ನೋಣ. 26ನೆಯ ದಿನ ಖಾಸಗಿ ಪ್ರಯೋಗಾಲಯದಲ್ಲಿ ಮಾಡಿಸಿದ ಆರ್‌ಪಿಆರ್ ನೆಗೆಟಿವ್ ಬರುತ್ತದೆ. 50ನೆಯ ದಿನದ ವೇಳೆಗೆ ಹುಣ್ಣು ಮಾಯುತ್ತದೆ. ನೆಗೆಟಿವ್ ವರದಿ, ಮಾಯ್ದ ಹುಣ್ಣು ಎರಡೂ ಸೇರಿ ಆತನಿಗೆ ಧೈರ್ಯ ಕೊಡುತ್ತವೆ. 80ನೆಯ ದಿನದ ಹೊತ್ತಿಗೆ ಅಂಗೈಯಲ್ಲಿ ಗಂದೆಗಳೇಳುತ್ತವೆ. ಈಗ ಆರ್‌ಪಿಆರ್ 1:64. ಈ ನಡುವೆ ಹೆಂಡತಿಗೂ ಸೋಂಕು ತಗಲಿರಬಹುದು. ಅದೇ ಪರೀಕ್ಷೆಯನ್ನು 45ನೆಯ ದಿನ ಮತ್ತೆ ಮಾಡಿಸಿದ್ದರೆ ಸೋಂಕು ಪತ್ತೆಯಾಗುವ ಸಾಧ್ಯತೆ ಬಹಳ ಹೆಚ್ಚಾಗಿತ್ತು.

ಚಿಕಿತ್ಸೆ

1943ರಲ್ಲಿ ಅಮೆರಿಕದ ಜಾನ್ ಮಹೋನಿ ಈ ರೋಗಕ್ಕೆ ಪೆನಿಸಿಲಿನ್ ಮೊದಲಿಗೆ ಬಳಸಿದ. ಇಂದಿಗೂ ಅದೇ ಮೊದಲ ಆಯ್ಕೆ. ಪ್ರಾಥಮಿಕ ಹಂತದಲ್ಲಿ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನನ್ನು ಒಂದೇ ಸಲ, ಸಾಮಾನ್ಯವಾಗಿ ಎರಡು ಭಾಗ ಮಾಡಿ ಎರಡೂ ಪಿರ್ರೆಗಳ ಸ್ನಾಯುಗಳಿಗೆ ಚುಚ್ಚಲಾಗುತ್ತದೆ. ಈ ಬ್ಯಾಕ್ಟೀರಿಯಾ ಇಬ್ಭಾಗವಾಗಲು ಸುಮಾರು 30 ಗಂಟೆ ತೆಗೆದುಕೊಳ್ಳುತ್ತದೆ, ಪೆನಿಸಿಲಿನ್ ವಿಭಜನೆಯ ಹಂತದಲ್ಲಿ ಅದನ್ನು ಕೊಲ್ಲುತ್ತದೆ. ಆದ್ದರಿಂದ ವಾರಗಟ್ಟಲೆ ನಿಧಾನವಾಗಿ ರಕ್ತಕ್ಕಿಳಿಯುವ ರೂಪ ಬೇಕಾಗುತ್ತದೆ. ಹಳೆಯ ಸುಪ್ತ ಸೋಂಕಿಗೆ ಇದೇ ಪ್ರಮಾಣವನ್ನು ವಾರಕ್ಕೊಮ್ಮೆಯಂತೆ ಮೂರು ವಾರ ಕೊಡಬೇಕು. ಪೆನಿಸಿಲಿನ್ ಒಗ್ಗದವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆಗಳಿವೆ. ಗರ್ಭಿಣಿಯರಿಗೆ ಮಾತ್ರ ಅವು ಸಲ್ಲವು.

ಚುಚ್ಚುಮದ್ದಾದ 24 ಗಂಟೆಗಳೊಳಗೆ ಜ್ವರ, ತಲೆನೋವು ಬರಬಹುದು. ಸಾಯುತ್ತಿರುವ ಬ್ಯಾಕ್ಟೀರಿಯಾಗಳಿಂದ ಉಂಟಾಗುವ ಈ ಪ್ರತಿಕ್ರಿಯೆ ಅಲರ್ಜಿಯಲ್ಲ. ಹಿಂದಿನ 90 ದಿನಗಳಲ್ಲಿ ಸಂಪರ್ಕದಲ್ಲಿದ್ದ ಸಂಗಾತಿಗಳಿಗೆ, ಪರೀಕ್ಷೆ ನೆಗೆಟಿವ್ ಇದ್ದರೂ, ಚಿಕಿತ್ಸೆ ಕೊಡುವುದು ರೂಢಿ. ಬಳಿಕ 6 ಮತ್ತು 12 ತಿಂಗಳಲ್ಲಿ ಆರ್‌ಪಿಆರ್ ಪುನಃ ಮಾಡಿ ಅಂಕಿ ನಾಲ್ಕರಲ್ಲೊಂದು ಪಾಲಿಗೆ ಇಳಿದಿದೆಯೇ ಎಂದು ನೋಡುತ್ತಾರೆ. ಮೇಲಿನ ಉದಾಹರಣೆಯಲ್ಲಿ 1:64 ಇದ್ದದ್ದು 1:16 ಅಥವಾ ಅದಕ್ಕಿಂತ ಕೆಳಗಿಳಿಯಬೇಕು. ಒಮ್ಮೆ ವಾಸಿಯಾದರೂ ಮತ್ತೆ ಸೋಂಕು ತಗಲಬಹುದು.

ಭಾರತದಲ್ಲಿ ಚಿಕಿತ್ಸೆಯ ವ್ಯವಸ್ಥೆ

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಹೆಸರಿನ ಉಚಿತ ಸೇವೆಯಿದೆ. ಇಲ್ಲಿ ಲಕ್ಷಣಗಳನ್ನು ಆಧರಿಸಿ ಬಣ್ಣದ ಪೊಟ್ಟಣಗಳಲ್ಲಿ ಔಷಧ ಕೊಡಲಾಗುತ್ತದೆ. ಹರ್ಪಿಸ್‌ನಂತೆ ಕಾಣದ ಜನನಾಂಗದ ಹುಣ್ಣಿಗೆ ಬಿಳಿ ಪೊಟ್ಟಣ; ಅದರಲ್ಲಿ ಬೆಂಜಥೀನ್ ಪೆನಿಸಿಲಿನ್ ಜೊತೆಗೆ ಅಜಿತ್ರೊಮೈಸಿನ್ ಇರುತ್ತದೆ. ಪೆನಿಸಿಲಿನ್ ಒಗ್ಗದವರಿಗೆ ನೀಲಿ ಪೊಟ್ಟಣ. ಪ್ರಯೋಗಾಲಯದ ವರದಿಗಾಗಿ ಕಾಯದೆ ಅಂದೇ ಚಿಕಿತ್ಸೆ ಆರಂಭವಾಗುವುದರಿಂದ, ಮೊದಲ ವಾರಗಳ ನೆಗೆಟಿವ್ ವರದಿಯಿಂದ ಆಗುವ ತಪ್ಪು ಇಲ್ಲಿ ತಪ್ಪುತ್ತದೆ. ಸಿಫಿಲಿಸ್ ಹುಣ್ಣು ಎಚ್‌ಐವಿ ಹರಡುವಿಕೆಗೂ ದಾರಿ ಮಾಡುವುದರಿಂದ ಜೊತೆಗೇ ಎಚ್‌ಐವಿ ಪರೀಕ್ಷೆಯನ್ನೂ ಸೂಚಿಸುತ್ತಾರೆ. ಹತ್ತಿರದ ಕೇಂದ್ರದ ಮಾಹಿತಿ 1097 ಎಂಬ ಉಚಿತ ಸಹಾಯವಾಣಿಯಲ್ಲಿ ದೊರೆಯುತ್ತದೆ.