ಐರೋಲಿಯಿಂದ ಡೊಂಬಿವಲಿವರೆಗೆ: ಕಾರ್ಖಾನೆಗಳ 'ಬಿಬಿಎಸ್ ಕಾರ್ಡ್' ಅಪಘಾತ ತಡೆಯುತ್ತದೆಯೇ?

ನವಿ ಮುಂಬೈನ ಐರೋಲಿ, ರಬಾಳೆ, ಮಹಾಪೆ ಉದ್ದಕ್ಕೂ ಹಬ್ಬಿರುವ ಥಾಣೆ-ಬೇಲಾಪುರ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ, ಔಷಧ ಮತ್ತು ಎಂಜಿನಿಯರಿಂಗ್ ಘಟಕಗಳಿವೆ. ಇಂಥ ಘಟಕಗಳಲ್ಲಿ ಕೆಲಸ ಮಾಡುವವರಿಗೆ 'ಬಿಬಿಎಸ್' ಎಂಬ ಮಾತು ಹೊಸದಲ್ಲ. ಬಿಹೇವಿಯರ್ ಬೇಸ್ಡ್ ಸೇಫ್ಟಿ, ಅಂದರೆ ವರ್ತನೆ ಆಧಾರಿತ ಸುರಕ್ಷತೆ. ಇದರ ಮುಖ್ಯ ಸಾಧನ ಒಂದು ಸಣ್ಣ ವೀಕ್ಷಣಾ ಕಾರ್ಡ್.

ಬಿಬಿಎಸ್ ಎಂದರೇನು?

ಅಮೆರಿಕದ ಎಚ್.ಡಬ್ಲ್ಯು. ಹೈನ್‌ರಿಕ್ 1931ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಶೇ.88ರಷ್ಟು ಅಪಘಾತಗಳಿಗೆ ಕೆಲಸಗಾರರ ಅಸುರಕ್ಷಿತ ನಡೆಯೇ ಕಾರಣ ಎಂದಿದ್ದರು. ಬಿಬಿಎಸ್ ಚಿಂತನೆಯ ಬೇರು ಇಲ್ಲಿದೆ. ಸಹೋದ್ಯೋಗಿಯೊಬ್ಬರು ಕೆಲಸವನ್ನು ಕೆಲ ನಿಮಿಷ ಗಮನಿಸುತ್ತಾರೆ, ಸುರಕ್ಷಿತ ಮತ್ತು ಅಪಾಯಕಾರಿ ನಡೆಗಳನ್ನು ಗುರುತಿಸುತ್ತಾರೆ, ನಂತರ ಅಲ್ಲೇ ಮಾತನಾಡುತ್ತಾರೆ. ಕೆಲಸಗಾರರ ಹೆಸರು ಬರೆಯುವುದಿಲ್ಲ.

'ಸುರಕ್ಷತಾ ಸಂಸ್ಕೃತಿ' ಇದಕ್ಕಿಂತ ದೊಡ್ಡದು. 1986ರ ಚೆರ್ನೋಬಿಲ್ ದುರಂತದ ನಂತರ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ವರದಿಗಳಿಂದ ಈ ಪದ ಬಳಕೆಗೆ ಬಂತು. ಉತ್ಪಾದನೆಗೂ ಸುರಕ್ಷತೆಗೂ ಘರ್ಷಣೆ ಬಂದಾಗ ಆಡಳಿತ ಯಾವುದನ್ನು ಆರಿಸುತ್ತದೆ ಎಂಬುದರಲ್ಲಿ ಅದು ಗೊತ್ತಾಗುತ್ತದೆ.

ಕಾರ್ಡ್ ಹೀಗಿರುತ್ತದೆ

ಇದು ವಿವರಣೆಗಾಗಿ ರೂಪಿಸಿದ ಮಾದರಿ:

- ಕೆಲಸ: ಡ್ರಮ್‌ನಿಂದ ರಿಯಾಕ್ಟರ್‌ಗೆ ಟೊಲ್ಯುಯಿನ್ ಪಂಪ್ ಮಾಡುವುದು
- ಸುರಕ್ಷಿತ (5): ಕನ್ನಡಕ, ಕೈಗವಸು, ಸುರಕ್ಷತಾ ಬೂಟು ಧರಿಸಿದ್ದಾರೆ, ಡ್ರಮ್ ಕೆಳಗೆ ತಟ್ಟೆ ಇದೆ, ಬೆಂಕಿ ಆರಿಸುವ ಸಿಲಿಂಡರ್ ಹತ್ತಿರವಿದೆ
- ಅಪಾಯಕಾರಿ (1): ಡ್ರಮ್‌ಗೆ ಅರ್ಥಿಂಗ್ ಕ್ಲಾಂಪ್ ಹಾಕಿಲ್ಲ
- ಏಕೆ?: 'ವೈರ್ ಡ್ರಮ್‌ವರೆಗೆ ತಲುಪುವುದಿಲ್ಲ, ಕ್ಲಾಂಪ್‌ನ ಹಲ್ಲೂ ಸವೆದಿದೆ'
- ತಕ್ಷಣದ ಕ್ರಮ: ಪಂಪ್ ನಿಲ್ಲಿಸಿ, ಬೇರೆ ಕ್ಲಾಂಪ್ ಹಾಕಿ ಮುಂದುವರಿಸಲಾಯಿತು
- ಮುಂದಿನ ಕ್ರಮ: ಉದ್ದ ವೈರ್, ಹೊಸ ಕ್ಲಾಂಪ್, ಅರ್ಥಿಂಗ್ ಇಲ್ಲದಿದ್ದರೆ ಪಂಪ್ ಆರಂಭವಾಗದಂಥ ಇಂಟರ್‌ಲಾಕ್
- ಹೊಣೆ: ನಿರ್ವಹಣಾ ವಿಭಾಗ, 7 ದಿನ, ಇಂಟರ್‌ಲಾಕ್‌ಗೆ ಘಟಕದ ವ್ಯವಸ್ಥಾಪಕರು, 30 ದಿನ

ಟೊಲ್ಯುಯಿನ್ ಹರಿಯುವಾಗ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಅದು ನೆಲಕ್ಕೆ ಇಳಿಯದಿದ್ದರೆ ಕಿಡಿ ಹಾರಬಹುದು. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಈ ದ್ರಾವಕದ ಆವಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ಆ ಕ್ಲಾಂಪ್ ಇಲ್ಲಿ ಜೀವದ ಪ್ರಶ್ನೆ.

ಲಾಭವೇನು?

ಅಪಘಾತ ಆಗುವ ಮೊದಲೇ ವಿಷಯ ಹೊರಬರುತ್ತದೆ. ಸವೆದ ಕ್ಲಾಂಪ್ ಆಪರೇಟರ್‌ಗೆ ಗೊತ್ತಿತ್ತು, ಆದರೆ ಕೇಳಿದವರಿರಲಿಲ್ಲ. 'ಏಕೆ' ಎಂಬ ಕಾಲಂ ಆ ಮಾತನ್ನು ಕಚೇರಿಗೆ ತಲುಪಿಸುತ್ತದೆ.

ಟೀಕೆ ಏಕೆ?

ಇದೇ ಕಾರ್ಡ್‌ನಲ್ಲಿ 'ಕೆಲಸಗಾರನಿಗೆ ತಿಳಿಹೇಳಲಾಯಿತು' ಎಂದು ಬರೆದು ಮುಗಿಸಬಹುದು. ಆಗ ತಪ್ಪು ಕೆಲಸಗಾರನದಾಗುತ್ತದೆ, ವೈರ್ ಗಿಡ್ಡದಾಗಿಯೇ ಉಳಿಯುತ್ತದೆ. ಕಾರ್ಮಿಕ ಸಂಘಟನೆಗಳ ಮುಖ್ಯ ಆಕ್ಷೇಪ ಇದೇ.

ಎರಡನೆಯದು ಅಂಕಿಗಳ ಮೋಸ. 6ರಲ್ಲಿ 5 ಸುರಕ್ಷಿತವಾದರೆ ಅಂಕ ಶೇ.83. ನೋಡಲು ಚೆನ್ನಾಗಿದೆ. ಆದರೆ ಈ ಲೆಕ್ಕದಲ್ಲಿ ಬೂಟಿಗೂ ಅರ್ಥಿಂಗ್‌ಗೂ ಒಂದೇ ತೂಕ. ತಿಂಗಳಿಗೆ ಇಷ್ಟು ಕಾರ್ಡ್ ಕೊಡಲೇಬೇಕು ಎಂಬ ಗುರಿ ಇಟ್ಟರೆ ಕುಳಿತಲ್ಲೇ ಬರೆದ ಕಾರ್ಡ್‌ಗಳೂ ಸೇರಿಕೊಳ್ಳುತ್ತವೆ. ಒಂದೇ ಕೈಬರಹ, ಒಂದೇ 'ಹೆಲ್ಮೆಟ್ ಹಾಕಿಲ್ಲ', ಖಾಲಿ 'ಏಕೆ' ಕಾಲಂ ಕಂಡರೆ ಅನುಮಾನಿಸಬೇಕು.

ಮೂರನೆಯದು, ಕಣ್ಣಿಗೆ ಕಾಣದ ಅಪಾಯ. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ 26ರಂದು ಸಂಭವಿಸಿದ ಸ್ಫೋಟದಲ್ಲಿ 12 ಜನ ಸತ್ತರು. 2024ರ ಮೇ 23ರಂದು ಅಲ್ಲಿಯೇ ಮತ್ತೊಂದು ರಾಸಾಯನಿಕ ಘಟಕ ಸ್ಫೋಟಿಸಿ 10ಕ್ಕೂ ಹೆಚ್ಚು ಮಂದಿ ಬಲಿಯಾದರು. ರಿಯಾಕ್ಟರ್ ಒಳಗೆ ಏರುವ ತಾಪ, ಒತ್ತಡ ಅಥವಾ ರಾಸಾಯನಿಕದ ಅಸ್ಥಿರತೆ ಹೊರಗೆ ನಿಂತು ಕೈಗವಸು ನೋಡುವವರಿಗೆ ತಿಳಿಯುವುದಿಲ್ಲ. ಅದಕ್ಕೆ ವಿನ್ಯಾಸ ಪರಿಶೀಲನೆ, ಒತ್ತಡ ಇಳಿಸುವ ವಾಲ್ವ್, ಅಲಾರಂಗಳ ತಪಾಸಣೆ ಬೇಕು.

ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ತೈಲ ಸಂಸ್ಕರಣಾಗಾರದಲ್ಲಿ 2005ರ ಮಾರ್ಚ್ 23ರಂದು 15 ಜನ ಸತ್ತ ಬಳಿಕ ಕಂಪನಿಯ ಸುರಕ್ಷತಾ ವ್ಯವಸ್ಥೆಯನ್ನು ಪರಿಶೀಲಿಸಿದ ಬೇಕರ್ ಸಮಿತಿ ಇದನ್ನೇ ಹೇಳಿತು. ವೈಯಕ್ತಿಕ ಗಾಯಗಳ ಪ್ರಮಾಣ ಇಳಿದದ್ದನ್ನು ಕಂಪನಿ ಇಡೀ ಸ್ಥಾವರದ ಸುರಕ್ಷತೆಯೆಂದು ತಪ್ಪಾಗಿ ಭಾವಿಸಿತ್ತು.

ಗಮನಿಸಬೇಕಾದ್ದು

ಹಾಗೆಂದು ಕಾರ್ಡ್ ಕೈಬಿಡಬೇಕಿಲ್ಲ. ಎಷ್ಟು ಕಾರ್ಡ್ ಬಂತು ಎನ್ನುವುದಕ್ಕಿಂತ, ಬಂದ ಕಾರ್ಡ್‌ಗಳಿಂದ ಎಷ್ಟು ಉಪಕರಣ ಬದಲಾಯಿತು, ಗಡುವಿನೊಳಗೆ ಎಷ್ಟು ಕೆಲಸ ಮುಗಿಯಿತು ಎಂದು ಎಣಿಸಬೇಕು. 7 ದಿನದ ನಂತರ ಅದೇ ಪ್ಲಾಟ್‌ಫಾರ್ಮ್‌ಗೆ ಹೋಗಿ ಹೊಸ ಕ್ಲಾಂಪ್ ಇದೆಯೇ ಎಂದು ನೋಡಿದರೆ ಸಾಕು, ಆ ಘಟಕದ ಸುರಕ್ಷತಾ ಸಂಸ್ಕೃತಿ ಎಂಥದ್ದೆಂದು ತಿಳಿಯುತ್ತದೆ.