ಕಾಕುವಿನಿಂದ ಕಂಪನಾಂಕಕ್ಕೆ: ಭಾವದ ದನಿಯನ್ನು ಅಳೆದ ಬಗೆ ಮತ್ತು ತಾಳಮದ್ದಲೆಯ ಮಾತು

ಸೋಂದೆಯ ಸ್ವರ್ಣವಲ್ಲಿಯ ಸುತ್ತಣ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ತಾಳಮದ್ದಲೆ ಇಂದಿಗೂ ಜೀವಂತವಾಗಿರುವ ಮಾತಿನ ಕಲೆ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ. ಕುಳಿತಿರುವ ಅರ್ಥಧಾರಿಗಳು ಆ ಪದ್ಯದ ಆಶಯವನ್ನು ಸಿದ್ಧಪಠ್ಯವಿಲ್ಲದೆ, ಆ ಕ್ಷಣದ ಮಾತಿನಲ್ಲಿ ಬೆಳೆಸುತ್ತಾರೆ. ಆಂಗಿಕ ಮತ್ತು ಆಹಾರ್ಯಗಳು ಬಹುಮಟ್ಟಿಗೆ ಹಿಂದೆ ಸರಿದಿರುವುದರಿಂದ ಕೋಪ, ಶೋಕ, ವ್ಯಂಗ್ಯಗಳ ಭಾರವೆಲ್ಲ ದನಿಯ ಮೇಲೆ ಬೀಳುತ್ತದೆ. ದನಿಯಲ್ಲಿ ಭಾವವು ಹೇಗೆ ತೋರುತ್ತದೆ, ಅದನ್ನು ಹೇಗೆ ಅಳೆಯಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಅನುಕೂಲವಾದ ಕನ್ನಡ ಸಾಮಗ್ರಿ ವಿರಳ. ಅಳತೆಯ ದೃಷ್ಟಿಯಿಂದ ಇದಕ್ಕಿಂತ ತೊಡಕಿನದೂ ವಿರಳ. ಈ ಲೇಖನದಲ್ಲಿ ನಾವು ಆ ಪ್ರಶ್ನೆಯ ಚರಿತ್ರೆಯನ್ನು ಗುರುತಿಸಿ, ತಾಳಮದ್ದಲೆಯ ಮಾದರಿಯ ಒಂದು ವಾಕ್ಯವನ್ನು ಮುಂದಿಟ್ಟುಕೊಂಡು ಆ ಚರಿತ್ರೆ ಇಂದಿನ ಅಳತೆಗೆ ಏನನ್ನು ಕಲಿಸುತ್ತದೆ ಎಂಬುದನ್ನು ವಿವೇಚಿಸುತ್ತೇವೆ.

ವ್ಯಾಕರಣದ ಪರಂಪರೆಯಲ್ಲಿ ಈ ವಿಷಯ ಮೊದಲು ಕಾಣಿಸಿಕೊಳ್ಳುವುದು ಪ್ಲುತದ ಪ್ರಸಂಗದಲ್ಲಿ. ಪಾಣಿನಿಯು ಅಷ್ಟಾಧ್ಯಾಯಿಯ ಎಂಟನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ದೂರದಿಂದ ಕರೆಯುವಾಗ ಸ್ವರವು ಪ್ಲುತವಾಗುವುದನ್ನು ಹೇಳಿ ಅಷ್ಟಕ್ಕೇ ನಿಲ್ಲುವುದಿಲ್ಲ. ಸಂಬೋಧನೆಯು ದ್ವಿರುಕ್ತವಾದಾಗ ಅಸೂಯೆ, ಪ್ರಶಂಸೆ, ಕೋಪ, ನಿಂದೆಗಳು ತೋರುವಲ್ಲಿ ಆ ಪ್ಲುತವು ಸ್ವರಿತವಾಗುತ್ತದೆಂದು ವಿಧಿಸುತ್ತಾನೆ. ಅವಧಿ ಮತ್ತು ಸ್ಥಾಯಿ ಎರಡನ್ನೂ ಮಾತನಾಡುವವನ ಮನೋಭಾವಕ್ಕೆ ನೇರವಾಗಿ ಕಟ್ಟಿದ ನಿಯಮವಿದು. ಆದರೆ ಇದು ವ್ಯಾಕರಣದ ನಿಯಮವಾದುದರಿಂದ ಒಂದು ಸ್ವರ ಪ್ಲುತವಾದೀತು ಇಲ್ಲವೆ ಆಗದಿದ್ದೀತು. ಎಷ್ಟು ಕೋಪಕ್ಕೆ ಎಷ್ಟು ಏರಿಕೆ ಎಂಬ ಪ್ರಮಾಣದ ಪ್ರಶ್ನೆ ಇಲ್ಲಿ ಏಳುವುದಿಲ್ಲ.

ಪ್ರಮಾಣದ ಕಡೆಗೆ ಮೊದಲ ಹೆಜ್ಜೆ ಇಟ್ಟದ್ದು ನಾಟ್ಯಶಾಸ್ತ್ರದ ಪಾಠ್ಯಪ್ರಕರಣ. ಆವೃತ್ತಿಗನುಸಾರವಾಗಿ ಇದು ಹದಿನೇಳನೆಯ ಅಥವಾ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ. ಅಲ್ಲಿ ಉಚ್ಚ, ದೀಪ್ತ, ಮಂದ್ರ, ನೀಚ, ದ್ರುತ, ವಿಲಂಬಿತ ಎಂಬ ಆರು ಅಲಂಕಾರಗಳನ್ನು ಹೇಳಲಾಗಿದೆ. ಮೊದಲ ನಾಲ್ಕು ದನಿಯ ಎತ್ತರವನ್ನೂ ಕೊನೆಯ ಎರಡು ಮಾತಿನ ವೇಗವನ್ನೂ ಕುರಿತವು. ಉಚ್ಚಕ್ಕಿಂತ ದೀಪ್ತ ಎತ್ತರ, ಮಂದ್ರಕ್ಕಿಂತ ನೀಚ ತಗ್ಗು ಎಂಬ ತರತಮದ ನಿರೂಪಣೆಯಿಂದಾಗಿ ಇದು ಶ್ರೇಣಿಯ ರೂಪ ಪಡೆಯುತ್ತದೆ. ಕಲಹ, ಕೋಪ, ದರ್ಪಗಳಿಗೆ ದೀಪ್ತ. ನಿರ್ವೇದ, ಚಿಂತೆ, ದೈನ್ಯಗಳಿಗೆ ಮಂದ್ರ. ಬಳಲಿಕೆ, ಮೂರ್ಛೆಗಳಿಗೆ ನೀಚ.

ಈ ಹಂಚಿಕೆಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಭಯವು ಒಂದೇ ಕಡೆ ನಿಲ್ಲುವುದಿಲ್ಲ. ಹೆದರಿದವನ ಮಾತು ನೀಚದಲ್ಲಿಯೂ ಇದೆ, ದ್ರುತದಲ್ಲಿಯೂ ಇದೆ. ಹಾಗೆಯೇ ಕೋಪವು ದೀಪ್ತಕ್ಕೆ ಸೇರಿದರೆ ಅದರ ಸಮೀಪದ ಬೆದರಿಕೆ, ಈರ್ಷ್ಯೆ, ಅಸೂಯೆಗಳು ವಿಲಂಬಿತಕ್ಕೆ ಸೇರುತ್ತವೆ. ಒಂದು ಹೆಸರಿನ ಭಾವಕ್ಕೆ ಒಂದೇ ದನಿ ಎಂಬ ಎಣಿಕೆಯನ್ನು ಈ ಪಟ್ಟಿ ಒಪ್ಪುವುದಿಲ್ಲ. ಇಪ್ಪತ್ತನೆಯ ಶತಮಾನದ ಪ್ರಯೋಗಶಾಲೆಗಳು ಇದೇ ಭೇದಕ್ಕೆ ತಡವಾಗಿ ಬಂದವು. ಬಾನ್ಸೆ ಮತ್ತು ಶೆರರ್ 1996ರಲ್ಲಿ ನಟರ ದನಿಯನ್ನು ಪರಿಶೀಲಿಸುವಾಗ ಉರಿಗೋಪ ಮತ್ತು ತಣ್ಣನೆಯ ಕೋಪಗಳನ್ನು, ದಿಗಿಲು ಮತ್ತು ಆತಂಕಗಳನ್ನು ಬೇರೆ ಬೇರೆ ವರ್ಗಗಳಾಗಿ ಇರಿಸಿಕೊಂಡರು. ಅದಕ್ಕೆ ಮುಂಚಿನ ಅಧ್ಯಯನಗಳ ಫಲಿತಾಂಶಗಳು ಪರಸ್ಪರ ಹೊಂದದಿದ್ದುದಕ್ಕೆ ಒಂದು ಕಾರಣ, ಎರಡು ಭಾವಗಳನ್ನು ಒಂದೇ ಹೆಸರಿನಡಿ ಅಳೆದದ್ದೇ ಆಗಿತ್ತು.

ಕಾಕುವಿನ ಸ್ಥಾನವೇನೆಂಬ ವಾದವೂ ಇಲ್ಲಿ ಸ್ಮರಣೀಯ. ಒಂಬತ್ತನೆಯ ಶತಮಾನದ ರುದ್ರಟನು ಕಾಕುವಕ್ರೋಕ್ತಿಯನ್ನು ಶಬ್ದಾಲಂಕಾರವೆಂದು ಎಣಿಸಿದರೆ, ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಅದನ್ನು ಒಪ್ಪದೆ, ಕಾಕುವು ಆಶಯವನ್ನು ಒಳಗೊಂಡ ಪಠನಧರ್ಮವೆಂದು ವಾದಿಸಿದನು. ಮನೋಭಾವವನ್ನು ಸೂಚಿಸುವ ಸ್ವರವಿನ್ಯಾಸವು ಭಾಷೆಯ ವ್ಯವಸ್ಥೆಗೆ ಸೇರಿದ್ದೋ ಅಥವಾ ಉಚ್ಚಾರಣೆಯ ವ್ಯಾಪಾರಕ್ಕೆ ಸೇರಿದ್ದೋ ಎಂಬ ಇಂದಿನ ಚರ್ಚೆಯ ಮೂಲರೂಪ ಇದು.

ಯಂತ್ರದ ಅಳತೆಯೂ ನಟರಿಂದಲೇ ಮೊದಲಾಯಿತೆಂಬುದು ಆಕಸ್ಮಿಕವಲ್ಲ. ಅಮೆರಿಕದ ಫೇರ್‌ಬ್ಯಾಂಕ್ಸ್ ಮತ್ತು ಪ್ರೊನೊವೋಸ್ಟ್ 1939ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಟರು ಒಂದೇ ಪಠ್ಯಭಾಗವನ್ನು ತಿರಸ್ಕಾರ, ಕೋಪ, ಭಯ, ಶೋಕ, ಉದಾಸೀನತೆಗಳಲ್ಲಿ ನುಡಿದರು. ಪದಗಳು ಸ್ಥಿರವಾಗಿರುವುದರಿಂದ ಉಳಿದ ವ್ಯತ್ಯಾಸವೆಲ್ಲ ದನಿಯದೆಂಬುದು ಈ ವಿಧಾನದ ತರ್ಕ. 1941ರಲ್ಲಿ ಫೇರ್‌ಬ್ಯಾಂಕ್ಸ್ ಮತ್ತು ಹೋಗ್ಲಿನ್ ಅವಧಿಯನ್ನು ಕೈಗೆತ್ತಿಕೊಂಡರು. 1972ರಲ್ಲಿ ವಿಲಿಯಮ್ಸ್ ಮತ್ತು ಸ್ಟೀವನ್ಸ್ ನಟರ ದನಿಯ ಜೊತೆಗೆ 1937ರ ಹಿಂಡನ್‌ಬರ್ಗ್ ವಾಯುನೌಕೆಯ ದುರಂತವನ್ನು ಕಣ್ಣಾರೆ ಕಂಡು ವರದಿ ಮಾಡಿದವನ ಧ್ವನಿಮುದ್ರಣವನ್ನೂ ಇರಿಸಿ ನೋಡಿದರು. ನಟನೆಯ ಭಾವವು ನಿಜಭಾವವನ್ನು ಹೋಲುತ್ತದೆಯೇ ಎಂಬ ಸಂಶಯಕ್ಕೆ ಅದು ಅವರ ಉತ್ತರವಾಗಿತ್ತು. ಅವರ ಅಳತೆಯಲ್ಲಿ ಸಾಮಾನ್ಯ ಮಾತು ಸೆಕೆಂಡಿಗೆ ನಾಲ್ಕು ಅಕ್ಷರಗಳನ್ನು ಮೀರಿದ್ದರೆ ಶೋಕದ ಮಾತು ಎರಡರ ಆಸುಪಾಸಿಗೆ ಇಳಿದಿತ್ತು. ಕೋಪದ ಮಾತು ಸಾಮಾನ್ಯದ ಸನಿಹದಲ್ಲೇ ಇತ್ತು. ಕರುಣಕ್ಕೆ ವಿಲಂಬಿತವೆಂದ ಭರತನ ಮಾತನ್ನು ಇದು ಎತ್ತಿಹಿಡಿಯುತ್ತದೆ. ರೌದ್ರಕ್ಕೆ ದ್ರುತವೆಂಬುದನ್ನು ಎತ್ತಿಹಿಡಿಯುವುದಿಲ್ಲ.

ಎತ್ತರ ಮತ್ತು ವೇಗಗಳು ಹೀಗೆ ಶಾಸ್ತ್ರದಲ್ಲಿಯೂ ಯಂತ್ರದಲ್ಲಿಯೂ ಮೊದಲು ಬಂದವು. ಧ್ವನಿಗುಣ ಕೊನೆಗೆ ಬಂತು. ಭರತನಲ್ಲಿ ಕಂಪಿತವೆಂಬ ವರ್ಣವೂ ಉರಸ್ಸು, ಕಂಠ, ಶಿರಸ್ಸುಗಳೆಂಬ ಸ್ಥಾನಗಳೂ ಇವೆಯಾದರೂ ಉಸಿರು ಬೆರೆತ ದನಿ, ಬಿಗಿದ ದನಿ, ಕಿರುಗುಟ್ಟುವ ದನಿ ಎಂಬ ವಿಂಗಡಣೆಯಿಲ್ಲ. ಜಾನ್ ಲೇವರ್ 1980ರಲ್ಲಿ ಇದಕ್ಕೆ ವ್ಯವಸ್ಥಿತವಾದ ಧ್ವನಿವೈಜ್ಞಾನಿಕ ವಿವರಣೆ ಕೊಟ್ಟರು. ಗೋಬ್ಲ್ ಮತ್ತು ನಿ ಖಾಸದೆ 2003ರಲ್ಲಿ ಒಂದೇ ಉಕ್ತಿಯನ್ನು ಬೇರೆ ಬೇರೆ ಧ್ವನಿಗುಣಗಳಲ್ಲಿ ಕೃತಕವಾಗಿ ರಚಿಸಿ ಕೇಳಿಸಿದಾಗ, ಧ್ವನಿಗುಣದ ಬದಲಾವಣೆಯೊಂದರಿಂದಲೇ ಕೇಳುಗರು ಗ್ರಹಿಸುವ ಭಾವ ಬದಲಾಯಿತು.

ಈಗ ಒಂದು ವಾಕ್ಯವನ್ನು ತೆಗೆದುಕೊಳ್ಳೋಣ. ಸಂಧಾನಕ್ಕೆಂದು ಬಂದ ಕೃಷ್ಣನನ್ನು ಕೌರವನು ‘ದೊಡ್ಡವರು ಬಂದಿರಿ’ ಎಂದು ಎದುರುಗೊಳ್ಳುತ್ತಾನೆಂದು ಭಾವಿಸೋಣ. ಈ ಏಳು ಅಕ್ಷರಗಳು ಗೌರವವನ್ನೂ ಹೇಳಬಲ್ಲವು, ಕಟಕಿಯನ್ನೂ ಹೇಳಬಲ್ಲವು. ಅಳತೆಗೆ ಇದು ಅನುಕೂಲವಾದ ವಾಕ್ಯ. ಇದರ ವ್ಯಂಜನಗಳೆಲ್ಲ ಘೋಷಗಳಾದುದರಿಂದ ಸ್ಥಾಯಿಯ ರೇಖೆ ಹೆಚ್ಚು ತುಂಡಾಗುವುದಿಲ್ಲ. ಮಹಾಪ್ರಾಣಗಳಿಲ್ಲದಿರುವುದು ಇನ್ನೂ ಮುಖ್ಯ. ಅರ್ಥಧಾರಿಗಳ ಸಂಸ್ಕೃತಭೂಯಿಷ್ಠವಾದ ಮಾತಿನಲ್ಲಿ ಭ, ಧ, ಘಗಳ ಉಸಿರು ಮುಂದಿನ ಸ್ವರಕ್ಕೂ ಹರಿಯುತ್ತದೆ. ಅದನ್ನು ಮೃದುಭಾವದ ಲಕ್ಷಣವೆಂದು ಎಣಿಸಿಬಿಡುವ ಅಪಾಯವಿದೆ.

ಗೌರವದ ಉಕ್ತಿಯಲ್ಲಿ ದನಿ 110ರಿಂದ 165 ಹರ್ಟ್ಸ್‌ವರೆಗೆ ಚಲಿಸಿತೆಂದು ಇಟ್ಟುಕೊಳ್ಳೋಣ. ವ್ಯಾಪ್ತಿಯನ್ನು ಹರ್ಟ್ಸ್‌ನಲ್ಲಿ ಹೇಳಿದರೆ 55 ಎಂದಾಗುತ್ತದೆ. ಆದರೆ 220ರಿಂದ 330ರವರೆಗೆ ಚಲಿಸುವ ಸ್ತ್ರೀದನಿಯ ವ್ಯಾಪ್ತಿ ಕಿವಿಗೆ ಅಷ್ಟೇ ಎನಿಸಿದರೂ ಸಂಖ್ಯೆಯಲ್ಲಿ ಇಮ್ಮಡಿಯಾಗಿ ತೋರುತ್ತದೆ. ಆದ್ದರಿಂದ ಅನುಪಾತವನ್ನು ಅರ್ಧಸ್ವರಗಳಿಗೆ ಪರಿವರ್ತಿಸುತ್ತೇವೆ:

12 × log2(165 / 110) ≈ 7

ಎರಡೂ ದನಿಗಳಿಗೆ ಉತ್ತರ ಏಳು ಅರ್ಧಸ್ವರ. ಈಗ ಕಟಕಿಯ ಉಕ್ತಿಯ ಕೊನೆಯಲ್ಲಿ ‘ರಿ’ ಅಕ್ಷರವು ಕಿರುಗುಟ್ಟುವ ದನಿಗೆ ಇಳಿಯಿತೆನ್ನೋಣ. ಅಲ್ಲಿ ಕಂಪನಗಳು ಕ್ರಮ ತಪ್ಪುವುದರಿಂದ ಪ್ರಾಟ್‌ನಂತಹ ತಂತ್ರಾಂಶವು 110ನ್ನು 55 ಎಂದು ಗುರುತಿಸಬಹುದು. ಆಗ ವ್ಯಾಪ್ತಿ ಏಳರಿಂದ ಹತ್ತೊಂಬತ್ತಕ್ಕೆ ಜಿಗಿಯುತ್ತದೆ. ಸಂಶೋಧಕರು ವ್ಯಂಗ್ಯದಲ್ಲಿ ಸ್ಥಾಯಿ ವಿಸ್ತಾರಗೊಳ್ಳುತ್ತದೆಂದು ಬರೆದುಬಿಡಬಹುದು. ವಾಸ್ತವದಲ್ಲಿ ಬದಲಾದದ್ದು ಧ್ವನಿಗುಣ. ರೇಖೆಯು ಒಮ್ಮೆಲೇ ಸರಿಯಾಗಿ ಅರ್ಧಕ್ಕೆ ಕುಸಿದಿದ್ದರೆ ಈ ಸಂಶಯ ಬರಬೇಕು. ತರಂಗರೂಪದಲ್ಲಿ ಆವರ್ತಗಳನ್ನು ಕಣ್ಣಿನಿಂದ ಎಣಿಸಿ ಖಚಿತಪಡಿಸಿಕೊಳ್ಳಬೇಕು. ಡಿ ಲೂಜ್ ಮತ್ತು ಹರ್ಸ್ಟ್ ಸೂಚಿಸಿದ ಎರಡು ಸುತ್ತಿನ ಕ್ರಮ ಇಲ್ಲಿ ಉಪಯುಕ್ತ. ಮೊದಲು ಅಗಲವಾದ ಮಿತಿಯಲ್ಲಿ ಅಳೆದು, ಬಳಿಕ ಮೊದಲ ಚತುರ್ಥಕದ 0.75ರಷ್ಟನ್ನು ಕೆಳಮಿತಿಯಾಗಿಯೂ ಮೂರನೆಯ ಚತುರ್ಥಕದ 1.5ರಷ್ಟನ್ನು ಮೇಲ್ಮಿತಿಯಾಗಿಯೂ ಇಟ್ಟು ಮತ್ತೆ ಅಳೆಯುವುದು ಆ ಕ್ರಮ. ದೀಪ್ತಕ್ಕೆ ಏರುವ ಅರ್ಥಧಾರಿಯ ದನಿಗೆ ಆ ಮೇಲ್ಮಿತಿ ಸಾಲದು. ಅದನ್ನು ಇನ್ನಷ್ಟು ಎತ್ತರಿಸಬೇಕು.

ತಾಳಮದ್ದಲೆಗೇ ವಿಶಿಷ್ಟವಾದ ಇನ್ನೊಂದು ತೊಡಕು ಹಾರ್ಮೋನಿಯಂನ ಶ್ರುತಿ. ಮಾತಿನ ನಡುವಿನ ಮೌನದಲ್ಲಿ ತಂತ್ರಾಂಶವು ಆ ಶ್ರುತಿಯನ್ನೇ ದನಿಯೆಂದು ಹಿಡಿಯುತ್ತದೆ. ಏರಿಳಿತವಿಲ್ಲದ ನೇರವಾದ ಅಡ್ಡಗೆರೆ ಅದರ ಗುರುತು. ಮನುಷ್ಯರ ಮಾತು ಅಷ್ಟು ಸಮನಾಗಿರುವುದಿಲ್ಲ. ಬಾಯಿಗೆ ಸಮೀಪವಾದ ಪ್ರತ್ಯೇಕ ಮೈಕಿನಲ್ಲಿ ಮುದ್ರಿಸಿಕೊಂಡರೆ ಈ ದೋಷ ತಗ್ಗುತ್ತದೆ. ಆದರೆ ಅರ್ಥಧಾರಿಯು ಶ್ರುತಿಗೆ ಹೊಂದಿಸಿ ಮಾತಾಡುವುದು ಗುಣವೆಂದೇ ಕಲಾವಲಯ ಎಣಿಸುವುದರಿಂದ, ಆತನ ಸರಾಸರಿ ಸ್ಥಾಯಿಯನ್ನು ಭಾವದ ಸೂಚಕವೆನ್ನುವ ಮುನ್ನ ಭಾಗವತರ ಶ್ರುತಿ ಯಾವುದೆಂದು ದಾಖಲಿಸಲೇಬೇಕು.

ವೇಗದ ಅಳತೆಯಲ್ಲಿ ಕನ್ನಡದ ಅಂತ್ಯಸ್ವರ ತೊಡಕಾಗುತ್ತದೆ. ಏಳು ಅಕ್ಷರಗಳನ್ನು 1.4 ಸೆಕೆಂಡಿನಲ್ಲಿ ನುಡಿದರೆ ವೇಗ ಸೆಕೆಂಡಿಗೆ ಐದು. ಅದರಲ್ಲಿ ಎಳೆದ ‘ರಿ’ ಒಂದಕ್ಕೇ 0.5 ಸೆಕೆಂಡು ಸಂದಿದ್ದರೆ ಉಳಿದ ಆರು ಅಕ್ಷರಗಳ ವೇಗ ಆರೂವರೆಯನ್ನು ಮೀರುತ್ತದೆ. ಮಾತು ನಿಧಾನವಾಗಿಲ್ಲ; ಕೊನೆ ಮಾತ್ರ ಪ್ಲುತವಾಗಿದೆ. ಇವೆರಡನ್ನೂ ಬೇರೆಯಾಗಿ ವರದಿ ಮಾಡುವುದು ಪಾಣಿನಿ ತೋರಿದ ಭೇದವನ್ನು ಉಳಿಸಿಕೊಂಡಂತೆ.

ಧ್ವನಿಗುಣಕ್ಕೆ ಮೊದಲ ಮತ್ತು ಎರಡನೆಯ ಸಂನಾದಿಗಳ ನಡುವಿನ ಡೆಸಿಬೆಲ್ ಅಂತರ ರೂಢಿಯ ಅಳತೆ. ಉಸಿರುದನಿಯಲ್ಲಿ ಈ ಅಂತರ ಹಿಗ್ಗುತ್ತದೆ, ಬಿಗಿದನಿಯಲ್ಲಿ ಕುಗ್ಗುತ್ತದೆ. ಆದರೆ ಸ್ವರದ ಮೊದಲ ಅನುರಣನವು ಈ ಸಂನಾದಿಗಳ ಸಮೀಪಕ್ಕೆ ಬಂದಾಗ ಅದರ ಬಲವೂ ಸೇರಿಕೊಳ್ಳುತ್ತದೆ. ಇ, ಉಗಳಲ್ಲಿ ಇದು ಹೆಚ್ಚು. ಆದ್ದರಿಂದ ಗೌರವದ ‘ವ’ವನ್ನು ಕಟಕಿಯ ‘ವ’ದೊಡನೆ ಹೋಲಿಸಬೇಕಲ್ಲದೆ ಒಂದರ ‘ವ’ವನ್ನು ಇನ್ನೊಂದರ ‘ರಿ’ಯೊಡನೆ ಹೋಲಿಸಲಾಗದು.

ಇಷ್ಟಾದರೂ ಅಳತೆಯು ಯಾರ ಭಾವವನ್ನು ಹಿಡಿಯಿತೆಂಬ ಪ್ರಶ್ನೆ ಉಳಿಯುತ್ತದೆ. ಭರತನೂ ಫೇರ್‌ಬ್ಯಾಂಕ್ಸರೂ ನಟನನ್ನು ಮುಂದಿಟ್ಟುಕೊಂಡರು. ಅಲ್ಲಿ ಕೋಪವು ಪಾತ್ರದ್ದು. ತಾಳಮದ್ದಲೆಯಲ್ಲಿ ಮಾತು ಆಶುವಾದುದರಿಂದ ಎದುರಾಳಿಯ ಅನಿರೀಕ್ಷಿತ ತರ್ಕವು ಕೌರವನನ್ನಷ್ಟೇ ಅಲ್ಲ, ಅರ್ಥಧಾರಿಯನ್ನೂ ಕೆರಳಿಸಬಹುದು. ಒಬ್ಬನೇ ಅರ್ಥಧಾರಿಯ ಪೀಠಿಕೆಯ ಮಾತು, ಪದ್ಯಕ್ಕೆ ಬದ್ಧವಾದ ಅರ್ಥ ಮತ್ತು ಸಂವಾದದ ಬಿಸಿಯ ಮಾತು ಎಂಬ ಮೂರನ್ನು ಒಂದೇ ರಾತ್ರಿಯ, ಒಂದೇ ಶ್ರುತಿಯ ಮುದ್ರಣದಿಂದ ಬೇರ್ಪಡಿಸಿ ಅಳೆದರೆ, ಪಾತ್ರದ ಭಾವಕ್ಕೂ ಮಾತುಗಾರನ ಭಾವಕ್ಕೂ ಇರುವ ಅಂತರವನ್ನು ಆತನದೇ ದನಿಯ ಹಿನ್ನೆಲೆಯಲ್ಲಿ ಪರೀಕ್ಷಿಸಬಹುದು. ವಿಲಿಯಮ್ಸ್ ಮತ್ತು ಸ್ಟೀವನ್ಸ್ ನಟನ ಮತ್ತು ವರದಿಗಾರನ ಎರಡು ಬೇರೆ ದನಿಗಳನ್ನು ಹೋಲಿಸಬೇಕಾಗಿತ್ತು; ಶಿರಸಿ ಸೀಮೆಯ ಅರ್ಥಧಾರಿಯಲ್ಲಿ ಆ ಇಬ್ಬರೂ ಒಂದೇ ಕಂಠದಲ್ಲಿ ದೊರೆಯುತ್ತಾರೆ.