ದೇಣಿಗೆ ಪಟ್ಟಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ಪ್ರಾಂತದ ಸಾರ್ವಜನಿಕ ಗಣೇಶೋತ್ಸವ ಸಮಿತಿಗಳಂಥವು ದಾನಿಯ ನಾಮಧೇಯ, ಮೊತ್ತ, ರಶೀದಿ ಸಂಖ್ಯೆ ಹಾಗೂ ಅಲ್ಲಿಯವರೆಗಿನ ಒಟ್ಟು ಎಂಬ ನಾಲ್ಕು ಅಂಕಣಗಳಲ್ಲಿ ಬರೆದಿಡುವ ಲೆಕ್ಕಪತ್ರ. ಉದಾಹರಣೆಗೆ, 101ನೆಯ ರಶೀದಿಗೆ 500, 102ಕ್ಕೆ 1,001 ರೂಪಾಯಿ ಸಂದು ಒಟ್ಟು 1,501 ಆದ ಬಳಿಕ, 103 ಬರೆಯುವಾಗ ಕೆಟ್ಟುಹೋದರೆ ಅದನ್ನು ಹರಿದೆಸೆಯದೆ, ‘ರದ್ದು’ ಎಂದು ನಮೂದಿಸಿ ಪುಸ್ತಕದಲ್ಲಿಯೇ ಉಳಿಸಿ, ಒಟ್ಟನ್ನು ಯಥಾವತ್ತಾಗಿ ಮುಂದುವರಿಸತಕ್ಕದ್ದು; 104ಕ್ಕೆ 251 ಬಂದಾಗ ಅದು 1,752 ಆಗುತ್ತದೆ. ಈ 251ನ್ನು ಅನವಧಾನದಿಂದ 521 ಎಂದು ಬರೆದಲ್ಲಿ ಪೆಟ್ಟಿಗೆಯ ಹಣಕ್ಕೂ ಪಟ್ಟಿಗೂ 270 ರೂಪಾಯಿ ಅಂತರ ಬೀಳುವುದು. ಅಂತರವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಅಂಕಿಗಳು ಸ್ಥಾನಪಲ್ಲಟಗೊಂಡಿರಬಹುದೆಂದು ಮೊದಲು ಶಂಕಿಸುವುದು ಲೇಸು. ಹಣ ಕೈಸೇರುವ ಮೊದಲೇ ವಾಗ್ದಾನದ ಮೊತ್ತವನ್ನು ಒಟ್ಟು ಮೊತ್ತಕ್ಕೆ ಕೂಡಿಸುವುದು, ಉತ್ಸಾಹಿಗಳ ಈ ಚಪಲ, ಲೆಕ್ಕವನ್ನು ಕೆಡಿಸುತ್ತದೆ. ಹೊರೆಕಾಣಿಕೆಯಾಗಿ ಬಂದ ಅಕ್ಕಿ, ತೆಂಗಿನಕಾಯಿಗಳಿಗೆ ಪ್ರತ್ಯೇಕ ಪಟ್ಟಿಯೇ ಉಚಿತ.